ಕೆಲ್ವಿನ್‌ನಿಂದ ಸೆಲ್ಸಿಯಸ್‌ಗೆ: ಹವಾಮಾನ ಆ್ಯಪ್‌ನೊಳಗಿನ ಕಳೆಯುವ ಲೆಕ್ಕ

ಮಂಗಳೂರಿನಲ್ಲಿ ಈಗ ಎಷ್ಟು ಸೆಕೆ ಎಂದು ಮೊಬೈಲಿನ ಹವಾಮಾನ ಆ್ಯಪ್ ದೂರದ ಸರ್ವರ್ ಒಂದನ್ನು ಕೇಳುತ್ತದೆ. ಅಲ್ಲಿಂದ ಬರುವ ಉತ್ತರ 30 ಎಂದೇ ಇರಬೇಕಿಲ್ಲ, 303.62 ಎಂದೂ ಇರಬಹುದು. ನೀರು ಕುದಿಯುವುದೇ 100 ಡಿಗ್ರಿಯಲ್ಲಿ ಎಂದು ಶಾಲೆಯಲ್ಲಿ ಕಲಿತವರಿಗೆ ಇದು ಗಾಬರಿ ಹುಟ್ಟಿಸುವ ಅಂಕಿ. ಆದರೆ ಅದರಲ್ಲಿ ತಪ್ಪೇನಿಲ್ಲ. ಅದು ಕೆಲ್ವಿನ್ ಅಳತೆಯಲ್ಲಿದೆ, ಅಷ್ಟೆ. ಅದನ್ನು ಬಳಕೆದಾರರಿಗೆ ಅರ್ಥವಾಗುವ ಡಿಗ್ರಿಗೆ ಇಳಿಸುವುದು ಆ್ಯಪ್ ಬರೆದವರ ಹೊಣೆ.

ಸಣ್ಣ ಆ್ಯಪ್, ವೆಬ್‌ಸೈಟುಗಳನ್ನು ಮಾಡುವವರು ಹೆಚ್ಚಾಗಿ ಬಳಸುವ ಓಪನ್‌ವೆದರ್ ಸೇವೆಯನ್ನೇ ನೋಡಬಹುದು. ಊರಿನ ಅಕ್ಷಾಂಶ, ರೇಖಾಂಶ ಮತ್ತು ತಮ್ಮ ಕೀಲಿಸಂಖ್ಯೆಯನ್ನು ಸೇರಿಸಿ ವಿಳಾಸವೊಂದಕ್ಕೆ ಕೋರಿಕೆ ಕಳುಹಿಸಿದರೆ, ಅಲ್ಲಿಂದ ಬರುವ ಉತ್ತರದ ಒಂದು ತುಣುಕು ಹೆಚ್ಚುಕಡಿಮೆ ಹೀಗಿರುತ್ತದೆ:

```
"main": {
  "temp": 303.62,
  "feels_like": 310.62,
  "pressure": 1009,
  "humidity": 74
}
```

ಇಲ್ಲಿ ಗಮನಿಸಬೇಕಾದದ್ದು ಇರುವುದನ್ನಲ್ಲ, ಇಲ್ಲದಿರುವುದನ್ನು. ಉಷ್ಣಾಂಶದ ಪಕ್ಕದಲ್ಲಿ ಯಾವ ಅಳತೆಯ ಹೆಸರೂ ಇಲ್ಲ. ಕೋರಿಕೆಯಲ್ಲಿ `units=metric` ಎಂದು ಸೇರಿಸಿದರೆ ಇದೇ ಅಂಕಿ ಸೆಲ್ಸಿಯಸ್‌ನಲ್ಲಿ ಬರುತ್ತದೆ, `units=imperial` ಎಂದರೆ ಫ್ಯಾರನ್‌ಹೀಟ್‌ನಲ್ಲಿ. ಏನನ್ನೂ ಹೇಳದಿದ್ದರೆ ಕೆಲ್ವಿನ್. ಮೂರು ಸಂದರ್ಭಗಳಲ್ಲೂ ಉತ್ತರದ ರೂಪ ಒಂದೇ. ಅಂಕಿ ಯಾವ ಅಳತೆಯದು ಎಂಬುದು ಕೇಳಿದವರಿಗೆ ನೆನಪಿದ್ದರೆ ಮಾತ್ರ ಗೊತ್ತು. ಮುಂದೆ ಆಗುವ ಎಡವಟ್ಟುಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ಹಾಗಾದರೆ ಜನ ಯಾರೂ ಬಳಸದ ಅಳತೆಯಲ್ಲಿ ಕೊಡುವುದಾದರೂ ಏಕೆ? ಹವಾಮಾನದ ಮುನ್ಸೂಚನೆ ಹುಟ್ಟುವ ಜಾಗಕ್ಕೆ ಹೋದರೆ ಉತ್ತರ ಸಿಗುತ್ತದೆ. ಅಮೆರಿಕದ ಜಿಎಫ್‌ಎಸ್ ಆಗಲಿ, ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರದ ಮಾದರಿಯಾಗಲಿ, ದೊಡ್ಡ ಕಂಪ್ಯೂಟರುಗಳಲ್ಲಿ ಓಡುವ ಈ ಲೆಕ್ಕಾಚಾರಗಳು ಗಾಳಿಯ ಭೌತವಿಜ್ಞಾನದ ಸಮೀಕರಣಗಳನ್ನು ಬಿಡಿಸುತ್ತವೆ. ಆ ಸಮೀಕರಣಗಳಿಗೆ ಬೇಕಾದದ್ದು ನಿಜವಾದ ಸೊನ್ನೆಯಿಂದ ಎಣಿಸಿದ ಉಷ್ಣಾಂಶ. ಸೆಲ್ಸಿಯಸ್‌ನ ಸೊನ್ನೆ ನೀರು ಹೆಪ್ಪುಗಟ್ಟುವ ಮಟ್ಟ. ಅದಕ್ಕಿಂತ ಕೆಳಗೂ ಚಳಿ ಇದೆ. ಕೆಲ್ವಿನ್‌ನ ಸೊನ್ನೆಗಿಂತ ಕೆಳಗೆ ಏನೂ ಇಲ್ಲ.

ಒಂದು ಲೆಕ್ಕ ಮಾಡಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಒಣ ಗಾಳಿಯ ಸಾಂದ್ರತೆ ಬೇಕಿದ್ದರೆ ಗಾಳಿಯ ಒತ್ತಡವನ್ನು 287 ಎಂಬ ಸ್ಥಿರಾಂಕ ಮತ್ತು ಉಷ್ಣಾಂಶಗಳ ಗುಣಲಬ್ಧದಿಂದ ಭಾಗಿಸಬೇಕು. ಸಮುದ್ರಮಟ್ಟದ ಒತ್ತಡ 1,01,300 ಪಾಸ್ಕಲ್, ಉಷ್ಣಾಂಶ 300 ಕೆಲ್ವಿನ್ ಎಂದಿಟ್ಟುಕೊಂಡರೆ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.18 ಕೆಜಿ ಎಂಬ ಸರಿಯಾದ ಉತ್ತರ ಬರುತ್ತದೆ. 300ರ ಜಾಗದಲ್ಲಿ ಅದೇ ಸೆಕೆಯ ಸೆಲ್ಸಿಯಸ್ ಅಂಕಿಯಾದ 27 ಹಾಕಿದರೆ ಗಾಳಿ 13 ಕೆಜಿ ತೂಗುತ್ತದೆ! ಲೇಹ್‌ನಲ್ಲಿ ಚಳಿಗಾಲ ಬಂದು ಉಷ್ಣಾಂಶ ಸೊನ್ನೆ ಮುಟ್ಟಿದರೆ ಲೆಕ್ಕವೇ ನಿಂತುಹೋಗುತ್ತದೆ, ಏಕೆಂದರೆ ಸೊನ್ನೆಯಿಂದ ಭಾಗಿಸಲಾಗದು. ಆದ್ದರಿಂದಲೇ ಮಾದರಿಗಳು ತಮ್ಮ ಫಲಿತಾಂಶವನ್ನು ಕೆಲ್ವಿನ್‌ನಲ್ಲೇ ಬರೆದಿಡುತ್ತವೆ.

ಈ ನಿರಪೇಕ್ಷ ಮಾಪಕದ ಪ್ರಸ್ತಾಪವನ್ನು 1848ರಲ್ಲಿ ಮುಂದಿಟ್ಟವರು ಗ್ಲಾಸ್ಗೊ ವಿಶ್ವವಿದ್ಯಾಲಯದ ವಿಲಿಯಂ ಥಾಮ್ಸನ್. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವರು ಇವರೇ. ಕೆಲ್ವಿನ್ ಮತ್ತು ಸೆಲ್ಸಿಯಸ್ ಮಾಪಕಗಳ ಮೆಟ್ಟಿಲುಗಳ ಎತ್ತರ ಒಂದೇ, ಎಣಿಕೆ ಶುರುವಾಗುವ ಜಾಗ ಮಾತ್ರ ಬೇರೆ. ಹಾಗಾಗಿ ಗುಣಾಕಾರ, ಭಾಗಾಕಾರದ ಗೋಜಿಲ್ಲದೆ 273.15 ಕಳೆದರೆ ಸಾಕು. 303.62ರಲ್ಲಿ 273.15 ಕಳೆದರೆ 30.47 ಡಿಗ್ರಿ ಸೆಲ್ಸಿಯಸ್. ಫ್ಯಾರನ್‌ಹೀಟ್ ಬೇಕೆಂದವರಿಗೆ ಅದನ್ನು 1.8ರಿಂದ ಗುಣಿಸಿ 32 ಕೂಡಿಸಬೇಕು; ಉತ್ತರ 86.85.

ಇಷ್ಟು ಸರಳವಾದ ಲೆಕ್ಕದಲ್ಲಿ ತಪ್ಪುವುದೆಲ್ಲಿ? ಇಲ್ಲೊಂದು ಅನುಕೂಲವಿದೆ: ಪರದೆಯ ಮೇಲೆ ಕಾಣುವ ತಪ್ಪು ಅಂಕಿಯೇ ತಪ್ಪು ಎಲ್ಲಾಗಿದೆ ಎಂದು ಹೇಳಿಬಿಡುತ್ತದೆ.

ಪರದೆಯಲ್ಲಿ 304 ಎಂದು ಕಂಡರೆ ಕಳೆಯುವ ಕೆಲಸವೇ ಆಗಿಲ್ಲ. −243 ಎಂದು ಕಂಡರೆ ಎರಡು ಸಲ ಆಗಿದೆ. ಇದು ಆಗುವುದು ಹೀಗೆ: ಆರಂಭದಲ್ಲಿ ಒಬ್ಬರು ಕೆಲ್ವಿನ್ ತರಿಸಿಕೊಂಡು 273.15 ಕಳೆಯುವ ಸಾಲು ಬರೆದಿರುತ್ತಾರೆ. ಆರು ತಿಂಗಳ ನಂತರ ಇನ್ನೊಬ್ಬರು ಕೋರಿಕೆಗೆ `units=metric` ಸೇರಿಸುತ್ತಾರೆ, ಹಳೆಯ ಸಾಲು ಅಲ್ಲೇ ಉಳಿಯುತ್ತದೆ. ಈಗಾಗಲೇ ಸೆಲ್ಸಿಯಸ್ ಆಗಿ ಬಂದ 30.47ರಲ್ಲಿ ಮತ್ತೆ 273.15 ಕಳೆಯಲಾಗುತ್ತದೆ.

−273 ಎಂದು ಕಂಡರೆ ಕಥೆಯೇ ಬೇರೆ. ಆಗ ಸರ್ವರ್‌ನಿಂದ ಅಂಕಿಯೇ ಬಂದಿಲ್ಲ. ವೆಬ್ ಪುಟಗಳಲ್ಲಿ ಬಳಸುವ ಜಾವಾಸ್ಕ್ರಿಪ್ಟ್ ಭಾಷೆ ಖಾಲಿ ಮೌಲ್ಯವಾದ `null` ಅನ್ನು ಕಳೆಯುವ ಲೆಕ್ಕದಲ್ಲಿ ಸೊನ್ನೆ ಎಂದು ಪರಿಗಣಿಸುತ್ತದೆ. ಸೊನ್ನೆಯಲ್ಲಿ 273.15 ಕಳೆದರೆ −273.15. ಮಾಹಿತಿ ಇಲ್ಲ ಎಂದು ಹೇಳಬೇಕಾದ ಕಡೆ ಆ್ಯಪ್ ಬ್ರಹ್ಮಾಂಡದ ಅತಿ ಕನಿಷ್ಠ ಉಷ್ಣಾಂಶವನ್ನು ತೋರಿಸುತ್ತದೆ. ಕಳೆಯುವ ಮೊದಲು ಬಂದದ್ದು ಸಂಖ್ಯೆಯೇ ಎಂದು ನೋಡಿಕೊಂಡರೆ ಇದು ತಪ್ಪುತ್ತದೆ:

```
function celsius(k) {
  return typeof k === "number" ? k - 273.15 : null;
}
```

ಈ ಸಾಲುಗಳು ಸರಿಯಿದ್ದರೂ ಇನ್ನೊಂದು ವಿಚಿತ್ರ ಕಾಣಿಸಿಕೊಳ್ಳಬಹುದು. 300.25 ಕೊಟ್ಟರೆ ಬರಬೇಕಾದದ್ದು 27.1, ಬರುವುದು 27.100000000000023. ಕಂಪ್ಯೂಟರ್ ಲೆಕ್ಕ ಮಾಡುವುದು ಎರಡರ ಘಾತಗಳಲ್ಲಿ. ಅದರಲ್ಲಿ 273.15 ಅನ್ನು ಪೂರ್ತಿ ನಿಖರವಾಗಿ ಬರೆಯಲು ಬರುವುದಿಲ್ಲ, ತೀರಾ ಸಮೀಪದ ಸಂಖ್ಯೆಯೊಂದನ್ನು ಇಟ್ಟುಕೊಳ್ಳುತ್ತದೆ. ಕೂದಲೆಳೆಗಿಂತ ಸಣ್ಣ ಆ ವ್ಯತ್ಯಾಸವೇ ಉತ್ತರಕ್ಕೆ ಬಾಲವಾಗಿ ಅಂಟಿಕೊಳ್ಳುತ್ತದೆ. ತೋರಿಸುವಾಗ ಒಂದು ದಶಮಾಂಶಕ್ಕೋ ಪೂರ್ಣಾಂಕಕ್ಕೋ ಸರಿಹೊಂದಿಸಿದರೆ ಬಾಲ ಹೋಗುತ್ತದೆ.

ಇವೆಲ್ಲ ಕಣ್ಣಿಗೆ ಬೀಳುವ ತಪ್ಪುಗಳು, ಒಂದು ದಿನದೊಳಗೆ ಯಾರಾದರೂ ದೂರುತ್ತಾರೆ. ಕಣ್ಣಿಗೆ ಬೀಳದೆ ವರ್ಷಗಟ್ಟಲೆ ಉಳಿಯುವುದು 273.15ರ ಬದಲು 273 ಕಳೆಯುವ ಅಭ್ಯಾಸ. ಶಾಲೆಯ ಲೆಕ್ಕಗಳಲ್ಲಿ ಅನುಕೂಲಕ್ಕೆಂದು 273 ಬಳಸಿದ್ದು ಕೈಗೆ ಹಾಗೇ ಅಂಟಿರುತ್ತದೆ. 0.15 ಡಿಗ್ರಿ ಯಾವ ಲೆಕ್ಕ ಎನಿಸಬಹುದು. ಬಿಸಿಗಾಳಿಯ ದಿನಗಳಲ್ಲಿ ಅದು ಲೆಕ್ಕಕ್ಕೆ ಬರುತ್ತದೆ.

ಭಾರತೀಯ ಹವಾಮಾನ ಇಲಾಖೆಯ ಮಾನದಂಡದ ಪ್ರಕಾರ ಕರಾವಳಿಯಲ್ಲಿ ಬಿಸಿಗಾಳಿ ಎನ್ನಬೇಕಾದರೆ ಗರಿಷ್ಠ ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಇರಬೇಕು. ಜೊತೆಗೆ ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಏರಿರಬೇಕು. ಘೋಷಣೆಗೆ ಬೇರೆ ಷರತ್ತುಗಳೂ ಇವೆ. ಕಾರವಾರದಿಂದ ಮಂಗಳೂರಿನವರೆಗಿನ ಊರುಗಳಿಗೆ ಎಚ್ಚರಿಕೆ ತೋರಿಸುವ ಆ್ಯಪ್ ಒಂದಿದೆ ಎಂದುಕೊಳ್ಳೋಣ. ಮುನ್ಸೂಚನೆಯ ಗರಿಷ್ಠ ಉಷ್ಣಾಂಶ 310.00 ಕೆಲ್ವಿನ್, ಆ ದಿನದ ವಾಡಿಕೆ 305.20 ಕೆಲ್ವಿನ್. 273.15 ಕಳೆದರೆ ಉಷ್ಣಾಂಶ 36.85, ಗೆರೆಯಿಂದ ಕೆಳಗೆ. 273 ಕಳೆದರೆ ಸರಿಯಾಗಿ 37, ಗೆರೆಯ ಮೇಲೆ. ಒಂದು ಆ್ಯಪ್ ಕೆಂಪು ಪಟ್ಟಿ ತೋರಿಸುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಎರಡಕ್ಕೂ ಬಂದ ದತ್ತಾಂಶ ಒಂದೇ.

ಇದೇ ಉದಾಹರಣೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪೂರ್ಣಾಂಕಕ್ಕೆ ತಂದಾಗ 36.85 ಕೂಡ ಪರದೆಯಲ್ಲಿ 37 ಎಂದೇ ಕಾಣುತ್ತದೆ. ಆದ್ದರಿಂದ ಎಚ್ಚರಿಕೆ ಕೊಡಬೇಕೇ ಎಂಬ ನಿರ್ಧಾರವನ್ನು ಪೂರ್ಣಾಂಕಕ್ಕೆ ತಂದ ಮೇಲೆ ಅಲ್ಲ, ಅದಕ್ಕೆ ಮೊದಲೇ ಮಾಡಬೇಕು. ಎಚ್ಚರಿಕೆಯ ಪುಟದಲ್ಲಿ ಒಂದು ದಶಮಾಂಶವನ್ನು ತೋರಿಸಿ 36.9 ಎಂದರೆ ಓದುಗರಿಗೂ ಗೊಂದಲವಿರದು.

ಇನ್ನು ವಾಡಿಕೆಗಿಂತ ಎಷ್ಟು ಹೆಚ್ಚು ಎಂಬ ಅಂಕಿ. 310.00ರಲ್ಲಿ 305.20 ಕಳೆದರೆ 4.80 ಕೆಲ್ವಿನ್. ಇದು ಸೆಲ್ಸಿಯಸ್‌ನಲ್ಲೂ 4.80 ಡಿಗ್ರಿಯೇ, ಏಕೆಂದರೆ ಮೆಟ್ಟಿಲುಗಳ ಎತ್ತರ ಒಂದೇ. ಹೆಸರಿನ ಪಕ್ಕ ಕೆಲ್ವಿನ್ ಎಂದು ಕಂಡ ತಕ್ಷಣ ಇದರಿಂದಲೂ 273.15 ಕಳೆದವರಿಗೆ ಸಿಗುವುದು −268.35 ಎಂಬ ಅರ್ಥವಿಲ್ಲದ ಅಂಕಿ. ಫ್ಯಾರನ್‌ಹೀಟ್‌ಗೂ ಇದೇ ನಿಯಮ. ವ್ಯತ್ಯಾಸವನ್ನು 1.8ರಿಂದ ಗುಣಿಸಿದರೆ ಮುಗಿಯಿತು, ಉತ್ತರ 8.64. ಅಭ್ಯಾಸಬಲದಿಂದ 32 ಕೂಡಿಸಿದರೆ ಏರಿಕೆ 40 ದಾಟಿಬಿಡುತ್ತದೆ, ಮತ್ತು ಅದು ನಂಬುವಂತಹ ಅಂಕಿಯಾಗಿ ಕಾಣುವುದರಿಂದ ಹೆಚ್ಚು ಅಪಾಯಕಾರಿ.

ಅಮೆರಿಕದಲ್ಲಿರುವ ಕನ್ನಡಿಗರೊಬ್ಬರು ಊರಿನ ಹವೆಯನ್ನು ಫ್ಯಾರನ್‌ಹೀಟ್‌ನಲ್ಲಿ ನೋಡಲು ಬಯಸಿದರೆ ಇನ್ನೊಂದು ತೊಡಕು ಎದುರಾಗುತ್ತದೆ. 299.75 ಕೆಲ್ವಿನ್ ಎಂದರೆ 26.6 ಡಿಗ್ರಿ ಸೆಲ್ಸಿಯಸ್, 79.88 ಡಿಗ್ರಿ ಫ್ಯಾರನ್‌ಹೀಟ್. ಪರದೆಯಲ್ಲಿ 80 ಎಂದಿರಬೇಕು. ಆದರೆ ಆ್ಯಪ್ ಮೊದಲು 27 ಡಿಗ್ರಿ ಸೆಲ್ಸಿಯಸ್ ಎಂದು ಪೂರ್ಣಾಂಕ ಮಾಡಿಟ್ಟು, ಬಟನ್ ಒತ್ತಿದಾಗ ಆ 27ನ್ನೇ ಬದಲಿಸಿದರೆ 81 ಬರುತ್ತದೆ. ಸರ್ವರ್‌ನಿಂದ ಬಂದ ಮೂಲ ಅಂಕಿಯನ್ನು ಹಾಗೇ ಇಟ್ಟುಕೊಂಡು, ಪ್ರತಿ ಸಲವೂ ಅದರಿಂದಲೇ ಲೆಕ್ಕ ಮಾಡಿದರೆ ಈ ತಪ್ಪು ನುಸುಳುವುದಿಲ್ಲ.

ಹಾಗೆ ಇಟ್ಟುಕೊಳ್ಳುವಾಗ ಅಂಕಿಯ ಜೊತೆ ಅಳತೆಯ ಹೆಸರನ್ನೂ ಇಡಬೇಕು. ಅಮೆರಿಕದ ಸರ್ಕಾರಿ ಹವಾಮಾನ ಸೇವೆಯ ವೀಕ್ಷಣಾ ದತ್ತಾಂಶದಲ್ಲಿ ಉಷ್ಣಾಂಶದ ಪಕ್ಕದಲ್ಲೇ `wmoUnit:degC` ಎಂದು ಬರೆದಿರುತ್ತದೆ, ಊಹೆಗೆ ಜಾಗವೇ ಇಲ್ಲ. ಅಂಥ ಗುರುತು ಇಲ್ಲದ ಸೇವೆಯನ್ನು ಬಳಸುವವರು `temp` ಎಂಬ ಹೆಸರನ್ನು ಒಳಗೆ ತೆಗೆದುಕೊಳ್ಳುವಾಗಲೇ `tempKelvin` ಎಂದು ಬದಲಿಸಿಕೊಂಡರೆ, ಆರು ತಿಂಗಳ ನಂತರ ಬರುವ ಇನ್ನೊಬ್ಬರು ಎರಡನೇ ಸಲ ಕಳೆಯಲು ಹೋಗುವುದಿಲ್ಲ.

ಆ್ಯಪ್ ಅನ್ನು ಜನರ ಕೈಗೆ ಕೊಡುವ ಮೊದಲು ಮೂರು ಅಂಕಿಗಳನ್ನು ಹಾಕಿ ನೋಡಿ. 273.15 ಕೆಲ್ವಿನ್‌ಗೆ 0 ಡಿಗ್ರಿ ಸೆಲ್ಸಿಯಸ್, 32 ಡಿಗ್ರಿ ಫ್ಯಾರನ್‌ಹೀಟ್ ಬರಬೇಕು. 310.15ಕ್ಕೆ 37 ಮತ್ತು 98.6 ಬರಬೇಕು. 233.15ಕ್ಕೆ ಎರಡೂ ಮಾಪಕಗಳಲ್ಲಿ −40 ಬರಬೇಕು. ಕೊನೆಗೆ ಖಾಲಿ ಮೌಲ್ಯವನ್ನೂ ಒಮ್ಮೆ ಕೊಟ್ಟು, ಪರದೆಯಲ್ಲಿ "ಮಾಹಿತಿ ಲಭ್ಯವಿಲ್ಲ" ಎಂದು ಬರುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ.