ಡಿಜಿಟಲ್ ಚಿತ್ರಕ್ಕೆ ಕಾಗದದ ತರಿ: ತಪ್ಪು ಕಲ್ಪನೆ ಮತ್ತು ವಾಸ್ತವ

ಹಂಪಿಯ ಕಲ್ಲಿನ ರಥದ ಫೋಟೊ, ಬೇರೆಲ್ಲೋ ತೆಗೆದ ಮೋಡದ ಆಕಾಶ, ಟ್ಯಾಬ್ಲೆಟ್‌ನಲ್ಲಿ ಬಿಡಿಸಿದ ಗಿಳಿಗಳು. ಮೂರನ್ನೂ ಫೋಟೊಶಾಪ್‌ನಲ್ಲಿ ಜೋಡಿಸಿ ಎ4 ಪೋಸ್ಟರ್ ಮಾಡಿದ್ದೀರಿ ಅನ್ನಿ. ಅದು ಜಲವರ್ಣದ ಕಾಗದದ ಮೇಲೆ ಕೈಯಲ್ಲೇ ಬಿಡಿಸಿದಂತೆ ಕಾಣಬೇಕು.

ತಪ್ಪು ಕಲ್ಪನೆ: ಕಾಗದದ ಸ್ಕ್ಯಾನನ್ನು ಮೇಲೆ ಹಾಕಿ ಮಲ್ಟಿಪ್ಲೈ ಕೊಟ್ಟರೆ ಸಾಕು.

ವಾಸ್ತವ: ಮಲ್ಟಿಪ್ಲೈಗೆ ಕಪ್ಪಾಗಿಸುವುದು ಮಾತ್ರ ಗೊತ್ತು. ಬಿಳಿ ಹಾಳೆಯೂ ಸ್ಕ್ಯಾನ್‌ನಲ್ಲಿ ತುಸು ಬೂದು, ತುಸು ಹಳದಿ. ಹಾಗಾಗಿ ಇಡೀ ಚಿತ್ರ ಮಂಕಾಗುತ್ತದೆ. ಸ್ಕ್ಯಾನಿನ ಬಣ್ಣ ತೆಗೆದು, ಹೈ ಪಾಸ್ ಫಿಲ್ಟರನ್ನು 30 ಪಿಕ್ಸೆಲ್ ಆಸುಪಾಸಿನಲ್ಲಿ ಹಾಕಿ. ಹಾಳೆ ನಡುಬೂದು ಬಣ್ಣಕ್ಕೆ ಬರುತ್ತದೆ. ಈಗ ಈ ಪದರವನ್ನು ಎಲ್ಲಕ್ಕಿಂತ ಮೇಲಿಟ್ಟು ಸಾಫ್ಟ್ ಲೈಟ್ ಅಥವಾ ಓವರ್‌ಲೇ ಕೊಡಿ. ನಡುಬೂದು ಏನನ್ನೂ ಬದಲಿಸುವುದಿಲ್ಲ. ಉಬ್ಬು ತಿಳಿಯಾಗುತ್ತದೆ, ತಗ್ಗು ಗಾಢವಾಗುತ್ತದೆ. ಅಪಾಸಿಟಿಯನ್ನು ಶೇ 30ರಿಂದ ಶುರುಮಾಡಿ ನೋಡಿ.

ತಪ್ಪು ಕಲ್ಪನೆ: ಹೀಗೆ ಹಾಕಿದ ತರಿ ಎಲ್ಲ ಕಡೆಯೂ ಕಾಣುತ್ತದೆ.

ವಾಸ್ತವ: ಅಚ್ಚ ಬಿಳುಪು ಮತ್ತು ಅಚ್ಚ ಕಪ್ಪಿನ ಮೇಲೆ ಈ ಎರಡು ಮೋಡ್‌ಗಳೂ ಕೆಲಸ ಮಾಡವು. ಮೋಡದ ಬೆಳ್ಳನೆಯ ಅಂಚು, ರಥದ ಅಡಿಯ ನೆರಳು ಗಾಜಿನಷ್ಟು ನುಣುಪಾಗಿ ಉಳಿದರೆ ಕಾರಣ ಅದೇ. ಟೆಕ್ಸ್ಚರ್ ಪದರದ ಕೆಳಗೊಂದು ಲೆವೆಲ್ಸ್ ಪದರ ಸೇರಿಸಿ, ಔಟ್‌ಪುಟ್ಟನ್ನು 0–255ರ ಬದಲು 15–240 ಮಾಡಿ. ಅಲ್ಲೂ ತರಿ ಮೂಡುತ್ತದೆ. ಜಲವರ್ಣದಲ್ಲೂ ಅಚ್ಚ ಕಪ್ಪು ಸಿಗುವುದು ಅಪರೂಪ ತಾನೆ?

ತಪ್ಪು ಕಲ್ಪನೆ: ತರಿ ದೊಡ್ಡದಾದಷ್ಟೂ ಕೈಕೆಲಸದಂತೆ ಕಾಣುತ್ತದೆ.

ವಾಸ್ತವ: ಎ4 ಪೋಸ್ಟರು 300 ಡಿಪಿಐನಲ್ಲಿ 2480×3508 ಪಿಕ್ಸೆಲ್. ಹಾಳೆಯನ್ನೂ 300ರಲ್ಲೇ ಸ್ಕ್ಯಾನ್ ಮಾಡಿ, ಹಿಗ್ಗಿಸದೆ ಇಟ್ಟರೆ ಅಚ್ಚಿನಲ್ಲಿ ತರಿ ಅದರ ನಿಜವಾದ ಗಾತ್ರದಲ್ಲೇ ಬರುತ್ತದೆ. ಅದನ್ನೇ ಮೂರು ಪಟ್ಟು ಹಿಗ್ಗಿಸಿದರೆ ಕಾಗದ ಹೋಗಿ ಗೋಣಿತಟ್ಟು ಆಗುತ್ತದೆ. ತರಿಯನ್ನು ಯಾವಾಗಲೂ ಶೇ 100 ಜೂಮ್‌ನಲ್ಲೇ ಪರೀಕ್ಷಿಸಿ.

ತಪ್ಪು ಕಲ್ಪನೆ: ತರಿ ಚಿತ್ರದುದ್ದಕ್ಕೂ ಒಂದೇ ಸಮನಾಗಿರಬೇಕು.

ವಾಸ್ತವ: ಒರಟು ಕಾಗದದಲ್ಲಿ ತೆಳು ಬಣ್ಣ ತಗ್ಗುಗಳಿಗೆ ಇಳಿಯುತ್ತದೆ, ತರಿ ಎದ್ದು ಕಾಣುತ್ತದೆ. ದಪ್ಪ ಬಣ್ಣ ಅದನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಟೆಕ್ಸ್ಚರ್ ಪದರಕ್ಕೆ ಮಾಸ್ಕ್ ಹಾಕಿ, ಆಕಾಶದಲ್ಲಿ ತರಿಯನ್ನು ಪೂರ್ತಿ ಬಿಟ್ಟು, ಗಾಢ ಹಸಿರಿನ ಗಿಳಿಗಳ ಮೇಲೆ ಮೆತ್ತನೆಯ ಬ್ರಷ್‌ನಿಂದ ಅರ್ಧದಷ್ಟು ತಗ್ಗಿಸಿ.

ತಪ್ಪು ಕಲ್ಪನೆ: ಜೋಡಣೆಯ ದೋಷಗಳನ್ನು ಟೆಕ್ಸ್ಚರ್ ಮುಚ್ಚುತ್ತದೆ.

ವಾಸ್ತವ: ಒಂದು ಫೋಟೊ ನುಣುಪು, ಇನ್ನೊಂದು ಒರಟು ಎಂಬ ಸಣ್ಣ ವ್ಯತ್ಯಾಸ ಮರೆಯಾಗುತ್ತದೆ, ಅಷ್ಟೆ. ಆಕಾಶದ ಬೆಳಕು ಎಡದಿಂದ, ರಥದ ಬೆಳಕು ಬಲದಿಂದ ಬಂದಿದ್ದರೆ ಅದನ್ನು ಮೊದಲು ಸರಿಪಡಿಸಬೇಕು.

ಕೊನೆಯದಾಗಿ, ಟೆಕ್ಸ್ಚರನ್ನು ಬೇರೆ ಪದರದಲ್ಲೇ ಉಳಿಸಿಕೊಳ್ಳಿ. ಫೋನಿಗಾಗಿ ಚಿತ್ರವನ್ನು ಕುಗ್ಗಿಸಿದಾಗ ತರಿ ಅಳಿಸಿಹೋಗುವುದರಿಂದ, ಕುಗ್ಗಿಸಿದ ಮೇಲೆ ಮತ್ತೆ ಹಾಕಬೇಕು. ಒರಟು ಕಾಗದದ ಮೇಲೆಯೇ ಮುದ್ರಿಸುವುದಾದರೆ ಆ ಪದರವನ್ನು ಆಫ್ ಮಾಡಿ. ಆ ಕೆಲಸವನ್ನು ಕಾಗದವೇ ಮಾಡುತ್ತದೆ.