ಅನುಪಾತದ ಉತ್ತರಗಳನ್ನು ತಿದ್ದುವಾಗ

ವಾಣಿಜ್ಯದ ಉತ್ತರಪತ್ರಿಕೆಯಲ್ಲಿ ಅನುಪಾತದ ಪ್ರಶ್ನೆ ಬಂದೊಡನೆ ತಿದ್ದುವವರ ಕಣ್ಣು ಸಹಜವಾಗಿಯೇ ಕೊನೆಯ ಸಾಲಿನ ಅಂಕೆಯತ್ತ ಹಾಯುತ್ತದೆ. ಅಂಕೆ ಸರಿಯಿದ್ದರೆ ಪೂರ್ಣ ಗುಣ. ಇದರಲ್ಲಿರುವ ಅಪಾಯವನ್ನು ನಾವು ಒಂದು ಲೆಕ್ಕದಿಂದಲೇ ನೋಡೋಣ.

ಬಟ್ಟೆ ವ್ಯಾಪಾರಿಯೊಬ್ಬನ ವರ್ಷದ ಮಾರಾಟ 6,00,000 ರೂಪಾಯಿ. ಮಾರಾಟದ ಮೇಲೆ ಒಟ್ಟು ಲಾಭ ಶೇಕಡಾ 25. ಆರಂಭದ ದಾಸ್ತಾನು 60,000, ಆಖೈರು ದಾಸ್ತಾನು 1,20,000. ದಾಸ್ತಾನು ವರ್ಷದಲ್ಲಿ ಎಷ್ಟು ಸಲ ಉರುಳಿತು?

ಮಾರಿದ ಸರಕಿನ ಅಸಲನ್ನು ಸರಾಸರಿ ದಾಸ್ತಾನಿನಿಂದ ಭಾಗಿಸಬೇಕು. ಅಸಲು 4,50,000, ಸರಾಸರಿ 90,000. ಉತ್ತರ 5 ಸಲ. ಇನ್ನೊಬ್ಬ ವಿದ್ಯಾರ್ಥಿ ಮಾರಾಟವನ್ನೇ ಆಖೈರು ದಾಸ್ತಾನಿನಿಂದ ಭಾಗಿಸುತ್ತಾನೆ. ಅವನಿಗೂ 5 ಸಲವೇ ಬರುತ್ತದೆ! ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಹಾಕಿವೆ. ದಾಸ್ತಾನನ್ನು ಅಸಲಿನ ಬೆಲೆಯಲ್ಲಿ ಬರೆದಿಡುತ್ತಾರೆ. ಮಾರಾಟದಲ್ಲಿ ಲಾಭವೂ ಸೇರಿರುತ್ತದೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆಖೈರು ದಾಸ್ತಾನು 1,00,000 ಆಗಿದ್ದರೆ ಸರಿಯಾದ ಉತ್ತರ ಸುಮಾರು 5.63, ತಪ್ಪು ಸೂತ್ರದ ಉತ್ತರ 6. ಆಗ ಗುಟ್ಟು ಹೊರಬೀಳುತ್ತಿತ್ತು. ಆದುದರಿಂದ ಪ್ರಶ್ನೆ ತೆಗೆಯುವವರು ತಪ್ಪು ಸೂತ್ರದಿಂದಲೂ ಒಮ್ಮೆ ಲೆಕ್ಕ ಮಾಡಿ ನೋಡುವುದು ಲೇಸು. ತಿದ್ದುವವರಾದರೋ ಮೊದಲು ಸೂತ್ರದ ಸಾಲನ್ನೇ ಓದಬೇಕು. ಲಾಭವು ಅಸಲಿನ ಮೇಲೆ ಶೇಕಡಾ 25 ಎಂದು ಭಾವಿಸಿದವನಿಗೆ ಅಸಲು 4,80,000 ಬರುತ್ತದೆ. ಅದು ಸೂತ್ರದ ತಪ್ಪಲ್ಲ, ಪ್ರಶ್ನೆಯನ್ನು ಓದಿದುದರ ತಪ್ಪು.

ಇನ್ನು ಅರ್ಥವಿವರಣೆ. ಇದೇ ವ್ಯಾಪಾರಿಗೆ ಹಿಂದಿನ ವರ್ಷದ ಕೊನೆಗೆ ಚಾಲ್ತಿ ಆಸ್ತಿ 1,80,000, ಚಾಲ್ತಿ ಹೊಣೆ 90,000 ಇದ್ದವು. ಈ ವರ್ಷದ ಕೊನೆಗೆ ಅವು 2,40,000 ಮತ್ತು 1,00,000. ಚಾಲ್ತಿ ಅನುಪಾತ 2ರಿಂದ 2.4ಕ್ಕೆ ಏರಿತು. “ಸಾಲ ತೀರಿಸುವ ಶಕ್ತಿ ಹೆಚ್ಚಿದೆ” ಎಂದು ಬಹುಮಂದಿ ಬರೆದುಬಿಡುತ್ತಾರೆ. ಆದರೆ ದಾಸ್ತಾನನ್ನು ಕಳೆದು ನೋಡಿರಿ: ಹಿಂದಿನ ವರ್ಷ ಉಳಿಯುವುದು 1,20,000, ಈ ವರ್ಷವೂ 1,20,000. ಹೊಣೆ ಮಾತ್ರ ಬೆಳೆದಿದೆ. ತ್ವರಿತ ಅನುಪಾತವು 1.33ರಿಂದ 1.2ಕ್ಕೆ ಇಳಿದಿದೆ. ಏರಿದಂತೆ ಕಂಡುದೆಲ್ಲ ಕಪಾಟಿನಲ್ಲಿ ಕುಳಿತ ಬಟ್ಟೆ. ಹಬ್ಬದ ಮಾರಾಟಕ್ಕಾಗಿ ಅದನ್ನು ತರಿಸಿದ್ದಿರಲೂಬಹುದು. ಅಂಕೆಗಳಿಂದ ಅಷ್ಟು ತಿಳಿಯದು. ಹಾಗೆಂದು ಸಂದೇಹಿಸಿ ಬರೆದ ವಿದ್ಯಾರ್ಥಿಗೆ ನಾವು ಗುಣ ಕಡಿಮೆ ಮಾಡಲಾರೆವು. 2ಕ್ಕೆ 1 ಎಂಬ ವಾಡಿಕೆಯ ಅಳತೆಯನ್ನಷ್ಟೇ ಒಪ್ಪಿಸಿ “ತೃಪ್ತಿಕರ” ಎಂದು ಮುಗಿಸಿದವನಿಗೆ ಅರ್ಧ ಗುಣವೇ ಸಾಕು.

ಕೂಡಿಸುವಲ್ಲಿ ತಪ್ಪಿ ತ್ವರಿತ ಅನುಪಾತ 1.4 ಎಂದು ಬರೆದವನು “ಏರಿದೆ” ಎಂದು ವಿವರಿಸಿದ್ದರೆ, ಆ ವಿವರಣೆಯ ಗುಣವನ್ನು ಕೊಡಬೇಕು. ಅವನ ಅಂಕೆಗೆ ಅದು ಹೊಂದುತ್ತದೆ. ಕೂಡಿಕೆಯ ಗುಣವನ್ನು ಒಮ್ಮೆ ಕಳೆದಾಗಿದೆ; ಅದೇ ತಪ್ಪಿಗೆ ಎರಡನೆಯ ದಂಡ ಸಲ್ಲದು.