ಚೂರು ಉಳಿಸದ ಜುಬ್ಬ

ಹಳೆಯ ಪದ್ಧತಿಯ ಜುಬ್ಬದ ತುಂಡುಗಳೆಲ್ಲ ನೇರ ಗೆರೆಯವಾದುದರಿಂದ ಬಟ್ಟೆಯ ಅಗಲದಲ್ಲಿ ಒಂದಕ್ಕೊಂದು ಹೊಂದಿ ಕೂಡುವುವು. 34 ಅಂಗುಲ ಎದೆಯವರಿಗೆ 36 ಅಂಗುಲ ಅಗಲ, 80 ಅಂಗುಲ ಉದ್ದದ ಬಟ್ಟೆ ಸಾಕು. ಉದ್ದಕ್ಕೂ ಸೀಳಿದ 14 ಅಂಗುಲದ ಪಟ್ಟಿಯು ಹೆಗಲ ಹೊಲಿಗೆಯಿಲ್ಲದೆ ಮುಂಬದಿ ಹಿಂಬದಿಗಳೆರಡೂ ಆಗುವುದು. ಉಳಿದ 22 ಅಂಗುಲದ ಪಟ್ಟಿಯಲ್ಲಿ 20 ಅಂಗುಲದಂತೆ ಎರಡು ತೋಳುಗಳನ್ನು ತೆಗೆದು, ಮುಂದಿನ 30 ಅಂಗುಲವನ್ನು ಉದ್ದುದ್ದ ಎರಡಾಗಿಸಬೇಕು. ಪ್ರತಿಯೊಂದನ್ನೂ ಮೇಲೆ 4, ಕೆಳಗೆ 7 ಅಂಗುಲ ಬರುವಂತೆ ಓರೆಯಾಗಿ ಕತ್ತರಿಸಿ, ಜೊತೆಯ ತುಂಡನ್ನು ತಿರುಗಿಸಿದರೆ ನಾಲ್ಕು ಮಗ್ಗುಲುಗಳು ಸಿದ್ಧ. ಕೊನೆಯ 10 ಅಂಗುಲದಲ್ಲಿ 4 ಅಂಗುಲದ ಎರಡು ಕಂಕುಳ ಚೌಕಗಳು, ಕೊರಳಪಟ್ಟಿ, ಗುಂಡಿಪಟ್ಟಿ, ಜೇಬು ಅಡಗುವುವು; ಕೊರಳಿನಿಂದ ತೆಗೆದ ಬಿಲ್ಲೆಯೊಂದೇ ಮಿಕ್ಕೀತು. ಓರೆ ಅಂಚನ್ನು ನಡುತುಂಡಿನ ನೇರ ಅಂಚಿಗೇ ಹೊಲಿಯಬೇಕು. ಓರೆಗೆ ಓರೆ ಕೂಡಿದರೆ ಮಗ್ಗುಲು ಜೋಲುವುದು. ಒಮ್ಮುಖದ ಹೂಚಿತ್ರವುಳ್ಳ ಬಟ್ಟೆಗೆ ಮಾತ್ರ ಈ ಕ್ರಮ ಸಲ್ಲದು: ಬೆನ್ನಿನಲ್ಲಿಯೂ ತಿರುಗಿಸಿದ ಮಗ್ಗುಲಿನಲ್ಲಿಯೂ ಹೂ ತಲೆಕೆಳಗಾಗುವುದು.